ಸಿಪಿಸಿ, ಸಿಸಿಎ, ಆರ್‌ಎಚ್‌ಐಟಿ: ಅನುಭವ ಇಲ್ಲದವರಿಗೆ ಯಾವುದು?

ಮೆಡಿಕಲ್ ಕೋಡಿಂಗ್, ಅಂದರೆ ಡಾಕ್ಟರು ಬರೆದದ್ದನ್ನು ಓದಿ ಕಾಯಿಲೆಗೆ, ಚಿಕಿತ್ಸೆಗೆ ವಿಮೆ ಬಿಲ್ಲಿನ ಕೋಡ್ ಹಾಕುವ ಕೆಲಸ, ಕಲಿಯಲು ಹೊರಟವರು ಮೊದಲು ಕೇಳುವುದು, ಯಾವ ಸರ್ಟಿಫಿಕೇಟ್ ಒಳ್ಳೆಯದು ಅಂತ. ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು. ನೀವು ಯಾರ ಬಿಲ್ಲಿಗೆ ಕೋಡ್ ಹಾಕಲಿದ್ದೀರಿ? ಡಾಕ್ಟರ ಬಿಲ್ಲಿಗೋ, ಆಸ್ಪತ್ರೆಯ ಬಿಲ್ಲಿಗೋ?

ಈ ಸರ್ಟಿಫಿಕೇಟುಗಳೆಲ್ಲ ಹುಟ್ಟಿರುವುದು ಅಮೆರಿಕದ ವಿಮೆ ವ್ಯವಸ್ಥೆಗಾಗಿ. ಅಲ್ಲಿ ಡಾಕ್ಟರ ಕೆಲಸಕ್ಕೆ ವಿಮೆಯವರಿಂದ ಹಣ ಕೇಳುವ ಒಂದು ಕ್ಲೇಮ್ ಹೋಗುತ್ತದೆ. ಆಸ್ಪತ್ರೆಯ ಕೋಣೆ, ನರ್ಸ್, ಯಂತ್ರ, ಔಷಧಿಗೆ ಬೇರೆ ಕ್ಲೇಮ್ ಹೋಗುತ್ತದೆ. ಎರಡರ ಫಾರಂ ಬೇರೆ, ನಿಯಮ ಬೇರೆ, ಕೋಡ್ ಪುಸ್ತಕಗಳೂ ಪೂರ್ತಿ ಒಂದೇ ಅಲ್ಲ. ಕಾಯಿಲೆಗೆ ಎರಡೂ ಕಡೆ ಐಸಿಡಿ-10-ಸಿಎಂ ಕೋಡ್ ಬಳಸುತ್ತಾರೆ. ಆದರೆ ಡಾಕ್ಟರು ಮಾಡಿದ ಕೆಲಸಕ್ಕೆ ಸಿಪಿಟಿ ಕೋಡ್ ಬೇಕು. ರೋಗಿ ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ, ಆಸ್ಪತ್ರೆಯ ಬಿಲ್ಲಿನಲ್ಲಿ ಆಪರೇಷನ್ನಿಗೆ ಐಸಿಡಿ-10-ಪಿಸಿಎಸ್ ಅನ್ನುವ ಏಳು ಅಕ್ಷರದ ಕೋಡ್ ಹಾಕಬೇಕು.

ಸಿಪಿಸಿ ಪರೀಕ್ಷೆ ಮೊದಲನೆಯ ದಾರಿಗೆ. ಅದನ್ನು ನಡೆಸುವುದು ಎಎಪಿಸಿ ಅನ್ನುವ ಸಂಸ್ಥೆ. ಸಿಸಿಎ, ಸಿಸಿಎಸ್, ಆರ್‌ಎಚ್‌ಐಟಿ ಪರೀಕ್ಷೆಗಳನ್ನು ನಡೆಸುವುದು ಅಹಿಮಾ. 1928ರಲ್ಲಿ ಆಸ್ಪತ್ರೆಯ ದಾಖಲೆ ನೋಡಿಕೊಳ್ಳುವವರ ಸಂಘವಾಗಿ ಶುರುವಾದ ಸಂಸ್ಥೆ ಅದು. ಹಾಗಾಗಿ ಅದರ ಪರೀಕ್ಷೆಗಳಲ್ಲಿ ಆಸ್ಪತ್ರೆಯ ಕಡೆಯ ವಿಷಯ ಮತ್ತು ದಾಖಲೆ ನಿರ್ವಹಣೆ ಜಾಸ್ತಿ.

ಇದರ ಜೊತೆಗೆ ಮೂರನೆಯದೊಂದು ಕಾಗದ ಇದೆ. ತರಬೇತಿ ಶಾಲೆ ಕೊಡುವ "ಕೋರ್ಸ್ ಮುಗಿಸಿದ್ದಾರೆ" ಅನ್ನುವ ಪತ್ರ. ಅದು ಕಲಿತದ್ದಕ್ಕೆ ಗುರುತು, ಅಷ್ಟೇ. ಕೆಲಸದ ಜಾಹೀರಾತಿನಲ್ಲಿ ಸರ್ಟಿಫಿಕೇಟ್ ಬೇಕು ಅಂತ ಬರೆದಿದ್ದರೆ ಅವರು ಕೇಳುತ್ತಿರುವುದು ಎಎಪಿಸಿ ಅಥವಾ ಅಹಿಮಾ ಪರೀಕ್ಷೆ ಪಾಸಾದದ್ದನ್ನು. ಎಷ್ಟೋ ಜನ ಒಂದು ವರ್ಷ ಓದಿ, ಆ ಪತ್ರ ಹಿಡಿದು ಅರ್ಜಿ ಹಾಕಿ, ಉತ್ತರವೇ ಬರದೆ ಕೂತಿರುತ್ತಾರೆ. ಇದನ್ನು ಶಾಲೆಯವರು ಸೇರಿಸಿಕೊಳ್ಳುವಾಗಲೇ ಹೇಳಬೇಕು. ಬಹಳಷ್ಟು ಕಡೆ ಹೇಳುವುದಿಲ್ಲ.

ಒಂದು ಚಾರ್ಟ್, ಎಂಟು ಕೋಡ್

ಯಾವ ಸರ್ಟಿಫಿಕೇಟ್ ಏನನ್ನು ಪರೀಕ್ಷೆ ಮಾಡುತ್ತದೆ, ಕೆಲಸ ಏನನ್ನು ಕೇಳುತ್ತದೆ ಅನ್ನುವುದು ಒಂದು ಚಾರ್ಟ್, ಅಂದರೆ ರೋಗಿಯ ಬಗ್ಗೆ ಡಾಕ್ಟರು ಬರೆದ ದಾಖಲೆ, ಕೈಗೆತ್ತಿಕೊಂಡರೆ ಚೆನ್ನಾಗಿ ಗೊತ್ತಾಗುತ್ತದೆ. ಸಾಧಾರಣ ಕ್ಲಿನಿಕ್ಕಿನ ಚಾರ್ಟ್ ಒಂದನ್ನು ಉದಾಹರಣೆಗೆ ಕಟ್ಟಿಕೊಳ್ಳೋಣ.

58 ವರ್ಷದ ಮಹಿಳೆ. ಹಳೆಯ ರೋಗಿ, ತಪಾಸಣೆಗೆ ಬಂದಿದ್ದಾರೆ. ಡಾಕ್ಟರು ಬರೆದದ್ದು ಹೀಗೆ: ಟೈಪ್ 2 ಮಧುಮೇಹ, ಹತೋಟಿಯಲ್ಲಿದೆ, ಮೆಟ್‌ಫಾರ್ಮಿನ್ ಮುಂದುವರಿಸಿ. ರಕ್ತದೊತ್ತಡ ಸ್ಥಿರವಾಗಿದೆ, ಲಿಸಿನೋಪ್ರಿಲ್ ಮುಂದುವರಿಸಿ. ದೀರ್ಘಕಾಲದ ಕಿಡ್ನಿ ಕಾಯಿಲೆ, ಹಂತ 3ಎ, ಬದಲಾವಣೆ ಇಲ್ಲ. ಬಲ ಮಂಡಿಯಲ್ಲಿ ಪ್ರೈಮರಿ ಆಸ್ಟಿಯೋಆರ್ಥ್ರೈಟಿಸ್, ಇವತ್ತು ಮಂಡಿ ಕೀಲಿಗೆ 40 ಮಿಲಿಗ್ರಾಂ ಟ್ರಯಾಮ್ಸಿನೊಲೋನ್ ಇಂಜೆಕ್ಷನ್ ಕೊಟ್ಟಿದೆ, ಅಲ್ಟ್ರಾಸೌಂಡ್ ಬಳಸಿಲ್ಲ.

ಹೊಸಬರು ಸಾಮಾನ್ಯವಾಗಿ ಬರೆಯುವುದು ಮಧುಮೇಹಕ್ಕೆ E11.9, ರಕ್ತದೊತ್ತಡಕ್ಕೆ I10, ಕಿಡ್ನಿಗೆ N18.31. ನೋಡಲು ಸರಿಯಾಗಿಯೇ ಕಾಣುತ್ತದೆ. ಡಾಕ್ಟರು ಮೂರು ಕಾಯಿಲೆ ಬರೆದರು, ಮೂರು ಕೋಡ್ ಆಯಿತು. ಆದರೆ ಮೊದಲ ಎರಡೂ ತಪ್ಪು. ಐಸಿಡಿ-10-ಸಿಎಂ ನಿಯಮದ ಪ್ರಕಾರ ಮಧುಮೇಹ ಮತ್ತು ಕಿಡ್ನಿ ಕಾಯಿಲೆ ಒಟ್ಟಿಗೆ ಇದ್ದರೆ ಅವೆರಡಕ್ಕೂ ಸಂಬಂಧ ಇದೆ ಅಂತಲೇ ಹಿಡಿಯಬೇಕು. ಡಾಕ್ಟರು "ಸಂಬಂಧ ಇಲ್ಲ" ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಬಿಡಬೇಕು. ರಕ್ತದೊತ್ತಡ ಮತ್ತು ಕಿಡ್ನಿಗೂ ಅದೇ ನಿಯಮ. ಹಾಗಾಗಿ E11.22, I12.9, ಜೊತೆಗೆ ಹಂತ ಹೇಳುವ N18.31. ರೋಗಿ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿರುವುದರಿಂದ Z79.84. ಮಂಡಿಗೆ M17.11.

ಇನ್ನು ಡಾಕ್ಟರು ಮಾಡಿದ ಕೆಲಸ. ಸ್ಥಿರವಾಗಿರುವ ದೀರ್ಘಕಾಲದ ಕಾಯಿಲೆ ಎರಡಕ್ಕಿಂತ ಜಾಸ್ತಿ ನೋಡಿದ್ದಾರೆ, ಡಾಕ್ಟರ ಚೀಟಿ ಬೇಕಾದ ಔಷಧಿಯ ಬಗ್ಗೆ ತೀರ್ಮಾನ ಮಾಡಿದ್ದಾರೆ. 2021ರಿಂದ ಕ್ಲಿನಿಕ್ ಭೇಟಿಯ ಮಟ್ಟವನ್ನು ಡಾಕ್ಟರ ತೀರ್ಮಾನದ ತೂಕ ನೋಡಿ ಇಲ್ಲವೇ ಒಟ್ಟು ಸಮಯ ನೋಡಿ ನಿರ್ಧರಿಸುತ್ತಾರೆ. ಇಲ್ಲಿ ತೂಕ ಮಧ್ಯಮ, ಕೋಡ್ 99214. ಮಂಡಿ ಇಂಜೆಕ್ಷನ್ನಿಗೆ 20610, ಬಲಗಡೆ ಅಂತ ತೋರಿಸಲು RT. ಅಲ್ಟ್ರಾಸೌಂಡ್ ಬಳಸಿ, ಚಿತ್ರವನ್ನು ದಾಖಲೆಯಲ್ಲಿ ಇಟ್ಟಿದ್ದರೆ 20611 ಆಗುತ್ತಿತ್ತು.

ಭೇಟಿ ಮತ್ತು ಇಂಜೆಕ್ಷನ್ ಒಂದೇ ದಿನ ಆಗಿವೆ. ಇಂಜೆಕ್ಷನ್ನಿಗೆ ಮುಂಚೆ ಸ್ವಲ್ಪ ನೋಡುವುದು, ಮಾತಾಡುವುದು 20610ರ ಹಣದಲ್ಲೇ ಸೇರಿದೆ. ಇಲ್ಲಿ ಡಾಕ್ಟರು ಅದಕ್ಕಿಂತ ಬೇರೆಯಾದ ಕೆಲಸ ಮಾಡಿದ್ದಾರೆ: ಮಧುಮೇಹ, ಒತ್ತಡ, ಕಿಡ್ನಿ ನೋಡಿದ್ದಾರೆ. ಅದನ್ನು ವಿಮೆಯವರಿಗೆ ಹೇಳುವ ಗುರುತು ಮಾಡಿಫೈಯರ್ 25. ಹಾಗಾಗಿ ಸಾಲು 99214-25 ಅಂತ ಹೋಗಬೇಕು.

ಕೊನೆಯದು ಔಷಧಿ. J3301 ಅನ್ನುವ ಕೋಡಿನ ಒಂದು ಯೂನಿಟ್ ಅಂದರೆ 10 ಮಿಲಿಗ್ರಾಂ. ಕೊಟ್ಟದ್ದು 40. ಅಂದರೆ ನಾಲ್ಕು ಯೂನಿಟ್. ಒಂದು ಇಂಜೆಕ್ಷನ್ ಕೊಟ್ಟರು ಅಂತ ಒಂದು ಯೂನಿಟ್ ಹಾಕಿದರೆ ಕ್ಲಿನಿಕ್ಕಿಗೆ ಔಷಧಿಯ ಮುಕ್ಕಾಲು ಹಣ ಬರುವುದಿಲ್ಲ. ಕ್ಲೇಮ್ ತಿರಸ್ಕಾರವೂ ಆಗುವುದಿಲ್ಲ, ಸುಮ್ನೆ ಕಡಿಮೆ ಹಣ ಬರುತ್ತದೆ. ಹಾಗಾಗಿ ಈ ತಪ್ಪು ಆಡಿಟ್ ಮಾಡುವವರೆಗೆ ಕಣ್ಣಿಗೆ ಬೀಳದೇ ಉಳಿಯಬಹುದು.

ಒಟ್ಟು ಎಂಟು ಕೋಡ್. ಸ್ಕ್ರೀನಿನ ಮೇಲೆ ಹೀಗೆ ಕಾಣುತ್ತದೆ:

```
A  E11.22
B  I12.9
C  N18.31
D  M17.11
E  Z79.84

99214-25   A B C     x1
20610-RT   D         x1
J3301      D         x4
```

ಎಡಗಡೆಯ ಅಕ್ಷರಗಳು ಯಾವ ಕೆಲಸ ಯಾವ ಕಾಯಿಲೆಗೆ ಅಂತ ಜೋಡಿಸುತ್ತವೆ. ಮಂಡಿ ಇಂಜೆಕ್ಷನ್ ಸಾಲು ಮಧುಮೇಹಕ್ಕೆ ಜೋಡಣೆಯಾಗಿ ಹೋದರೆ, ಇದು ವೈದ್ಯಕೀಯವಾಗಿ ಬೇಕಿರಲಿಲ್ಲ ಅಂತ ವಾಪಸ್ ಬರುತ್ತದೆ.

ಇದೇ ಚಾರ್ಟಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ ನೋಡಿ. ಡಾಕ್ಟರು "ಕಿಡ್ನಿ ಕಾಯಿಲೆ" ಅಂತ ಮಾತ್ರ ಬರೆದಿದ್ದಾರೆ, ಹಂತ ಬರೆದಿಲ್ಲ. ಲ್ಯಾಬ್ ವರದಿಯಲ್ಲಿ, ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ತೋರಿಸುವ ಇಜಿಎಫ್‌ಆರ್ 52 ಅಂತ ಇದೆ. ಅದು 3ಎ ಹಂತದ ಸಂಖ್ಯೆ ಅಂತ ನಿಮಗೆ ಗೊತ್ತು. ಆದರೂ N18.31 ಹಾಕುವಂತಿಲ್ಲ. ರೋಗ ನಿರ್ಣಯ ಡಾಕ್ಟರ ಕೆಲಸ. ಕೋಡರ್ ಒಂದೋ N18.9 ಹಾಕಬೇಕು, ಇಲ್ಲವೇ ಡಾಕ್ಟರಿಗೆ ಪ್ರಶ್ನೆ ಕಳಿಸಬೇಕು. ಆ ಪ್ರಶ್ನೆಯಲ್ಲಿ ಕೂಡ "ಇದು 3ಎ ಅಲ್ವಾ?" ಅಂತ ಉತ್ತರ ಬಾಯಿಗಿಡುವ ಹಾಗಿಲ್ಲ. ಸಂದರ್ಶನದಲ್ಲಿ ಇಂಥದ್ದನ್ನು ಕೇಳುತ್ತಾರೆ. ಕೋಡ್ ಬಾಯಿಪಾಠ ಬರುತ್ತದೆಯೇ ಅನ್ನುವುದಕ್ಕಿಂತ, ಎಲ್ಲಿ ನಿಲ್ಲಬೇಕು ಅಂತ ಗೊತ್ತಿದೆಯೇ ಅಂತ ನೋಡುತ್ತಾರೆ.

ಸಿಪಿಸಿ, ಮತ್ತು ಆ "ಎ" ಅಕ್ಷರ

ಮೇಲಿನ ಚಾರ್ಟ್ ಪೂರ್ತಿ ಸಿಪಿಸಿಯ ಲೋಕ. 100 ಪ್ರಶ್ನೆ, 4 ಗಂಟೆ, ಪಾಸಾಗಲು ಶೇಕಡಾ 70. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಕೋಡ್ ಪುಸ್ತಕಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ. ಒಂದು ಪ್ರಶ್ನೆಗೆ ಎರಡೂವರೆ ನಿಮಿಷವೂ ಸಿಗುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ಬೇಗ ಹುಡುಕುವ ಅಭ್ಯಾಸ ಇಲ್ಲದವರು ವಿಷಯ ಗೊತ್ತಿದ್ದೂ ಫೇಲಾಗುತ್ತಾರೆ.

ಪಾಸಾದರೂ ಅನುಭವ ಇಲ್ಲದಿದ್ದರೆ ನಿಮ್ಮ ಹೆಸರಿನ ಮುಂದೆ ಬರುವುದು ಸಿಪಿಸಿ-ಎ. ಆ ಎ ಅಂದರೆ ಅಪ್ರೆಂಟಿಸ್. ಅದನ್ನು ತೆಗೆಸಲು ಎರಡು ವರ್ಷದ ಕೋಡಿಂಗ್ ಅನುಭವವನ್ನು ಕೆಲಸ ಕೊಟ್ಟವರ ಪತ್ರದ ಮೂಲಕ ತೋರಿಸಬೇಕು. 80 ಗಂಟೆಯ ತರಬೇತಿ ಕೋರ್ಸ್ ಮುಗಿಸಿದ್ದರೆ ಅದನ್ನು ಒಂದು ವರ್ಷ ಅಂತ ಲೆಕ್ಕ ಹಿಡಿಯುತ್ತಾರೆ. ಪ್ರ್ಯಾಕ್ಟಿಕೋಡ್ ಅನ್ನುವ ಎಎಪಿಸಿಯದೇ ಆನ್‌ಲೈನ್ ಅಭ್ಯಾಸ ಇದೆ. ನೂರಾರು ಚಾರ್ಟುಗಳನ್ನು ಅದರಲ್ಲಿ ಕೋಡ್ ಮಾಡಬೇಕು. ಪೂರ್ತಿ ಮುಗಿಸಿದರೆ ಅದಕ್ಕೂ ಒಂದು ವರ್ಷ.

ಅಂದರೆ ಕೋರ್ಸ್ ಮತ್ತು ಪ್ರ್ಯಾಕ್ಟಿಕೋಡ್ ಎರಡೂ ಮಾಡಿದರೆ ಒಂದು ದಿನವೂ ಕೆಲಸ ಮಾಡದೆ ಎ ತೆಗೆಸಬಹುದು. ಇದರಿಂದ ಉಪಯೋಗ ಇದೆಯೇ? ಇದೆ, ಎರಡು ರೀತಿಯಲ್ಲಿ. ಎ ಇರುವ ಅರ್ಜಿಗಳನ್ನು ಮೊದಲ ಸುತ್ತಿನಲ್ಲೇ ಪಕ್ಕಕ್ಕಿಡುವ ಕಂಪನಿಗಳಿವೆ. ಆ ಜರಡಿ ದಾಟಬಹುದು. ಇನ್ನೊಂದು, ಅಷ್ಟು ಚಾರ್ಟ್ ಓದಿದ ಮೇಲೆ ಕೈ ನಿಜವಾಗಿಯೂ ಪಳಗುತ್ತದೆ. ಆದರೆ ಎ ಹೋದ ಮಾತ್ರಕ್ಕೆ ಕೆಲಸದ ಅನುಭವ ಬಂದ ಹಾಗಲ್ಲ. ಸಂದರ್ಶನ ಮಾಡುವವರು ನಿಮ್ಮ ಬಯೋಡೇಟಾ ನೋಡುತ್ತಾರೆ, ಅಲ್ಲಿ ಕೆಲಸ ಮಾಡಿದ ಜಾಗ ಕಾಣದಿದ್ದರೆ ಕೇಳಿಯೇ ಕೇಳುತ್ತಾರೆ. ನೇರವಾಗಿ "ಅಭ್ಯಾಸದ ಚಾರ್ಟುಗಳ ಮೂಲಕ ತೆಗೆಸಿದೆ" ಅಂತ ಹೇಳಿ. ಸುಳ್ಳು ಅನುಭವ ಪತ್ರ ಕೊಡಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಕ್ಲೇಮಿನಲ್ಲಿ ಸತ್ಯ ಬರೆಯುವುದೇ ಈ ಕೆಲಸ. ಇದರಲ್ಲಿ ಹೋದ ಹೆಸರು ವಾಪಸ್ ಬರುವುದಿಲ್ಲ.

ಇನ್ನೊಂದು ವಿಷಯ. ಸಿಪಿಸಿ ಉಳಿಸಿಕೊಳ್ಳಲು ಎಎಪಿಸಿ ಸದಸ್ಯತ್ವ ಮುಂದುವರಿಸಬೇಕು, ಎರಡು ವರ್ಷಕ್ಕೊಮ್ಮೆ 36 ಗಂಟೆಯ ಮುಂದುವರಿದ ಕಲಿಕೆ ತೋರಿಸಬೇಕು. ಕೋಡ್ ಪುಸ್ತಕಗಳೂ ಪ್ರತಿ ವರ್ಷ ಬದಲಾಗುತ್ತವೆ. ಐಸಿಡಿ ಬದಲಾವಣೆ ಅಕ್ಟೋಬರ್ 1ಕ್ಕೆ, ಸಿಪಿಟಿ ಬದಲಾವಣೆ ಜನವರಿ 1ಕ್ಕೆ. ಪರೀಕ್ಷೆ ಶುಲ್ಕ ಮಾತ್ರ ಲೆಕ್ಕ ಹಾಕಿ ಹೊರಟವರಿಗೆ ಈ ಖರ್ಚು ಆಮೇಲೆ ಭಾರವಾಗುತ್ತದೆ.

ಸಿಸಿಎ ಎಲ್ಲಿ ನಿಲ್ಲುತ್ತದೆ

ಸಿಸಿಎ ಅಹಿಮಾದ ಆರಂಭದ ಹಂತದ ಪರೀಕ್ಷೆ. ಅಮೆರಿಕದ ಹೈಸ್ಕೂಲ್, ಅಂದರೆ ಹನ್ನೆರಡನೆಯ ತರಗತಿ ಮುಗಿಸಿದ್ದರೆ ಸಾಕು. ಸುಮಾರು ನೂರು ಪ್ರಶ್ನೆ, ಎರಡು ಗಂಟೆ. ಪ್ರಶ್ನೆಗಳೆಲ್ಲ ಕೋಡ್ ಹಾಕುವುದರ ಮೇಲೆ ಇರುವುದಿಲ್ಲ. ಉಳಿದವು ಹಣ ಪಾವತಿ ಪದ್ಧತಿ, ದಾಖಲೆಯಲ್ಲಿ ಏನಿರಬೇಕು, ನಿಯಮ ಪಾಲನೆ, ಗೋಪ್ಯತೆ, ತಂತ್ರಜ್ಞಾನದ ಮೇಲೆ ಬರುತ್ತವೆ. ಎ ಥರದ ಬಾಲ ಇದಕ್ಕಿಲ್ಲ. ಆದರೆ ಸಿಸಿಎ ಅನ್ನುವ ಹೆಸರೇ ಹೊಸಬ ಅಂತ ಹೇಳುತ್ತದೆ, ಹಾಗಾಗಿ ಇದನ್ನು ದೊಡ್ಡ ಲಾಭ ಅಂತ ನಾನು ಎಣಿಸುವುದಿಲ್ಲ.

ಇದರ ನಿಜವಾದ ಲಾಭ ಬೇರೆ. ಇದು ಒಳರೋಗಿ ಕೋಡಿಂಗ್ ಕಡೆಗೂ ಒಂದು ಕಿಟಕಿ ತೆರೆಯುತ್ತದೆ. ಅಲ್ಲಿಯ ನಿಯಮ ಎಷ್ಟು ಬೇರೆ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ರೋಗಿಗೆ ಕೆಮ್ಮು, ಜ್ವರ. ಡಾಕ್ಟರು ಕೊನೆಯಲ್ಲಿ "ಬಹುಶಃ ನ್ಯುಮೋನಿಯಾ" ಅಂತ ಬರೆದರು. ಕ್ಲಿನಿಕ್ಕಿನಲ್ಲಾದರೆ "ಬಹುಶಃ" ಅಂದದ್ದನ್ನು ಕೋಡ್ ಮಾಡುವಂತಿಲ್ಲ. ಕೆಮ್ಮಿಗೆ R05.9, ಜ್ವರಕ್ಕೆ R50.9 ಹಾಕಿ ಮುಗಿಸಬೇಕು. ಅದೇ ರೋಗಿ ಆಸ್ಪತ್ರೆಯಲ್ಲಿ ದಾಖಲಾಗಿ, ಬಿಡುಗಡೆಯ ಹೊತ್ತಿಗೂ ಡಾಕ್ಟರು "ಬಹುಶಃ ನ್ಯುಮೋನಿಯಾ" ಅಂತಲೇ ಬರೆದಿದ್ದರೆ, ಆಸ್ಪತ್ರೆಯ ಬಿಲ್ಲಿನಲ್ಲಿ ಅದನ್ನು ನ್ಯುಮೋನಿಯಾ ಅಂತಲೇ ಹಿಡಿದು J18.9 ಹಾಕಬೇಕು. ಅದೇ ಮಾತು, ಎರಡು ಉತ್ತರ.

ಆಸ್ಪತ್ರೆಯ ಕಡೆ ಹಣ ನಿರ್ಧಾರವಾಗುವುದು ಒಂದೇ ಬಗೆಯ ಕೇಸುಗಳನ್ನು ಸೇರಿಸಿ ಮಾಡಿದ ಡಿಆರ್‌ಜಿ ಅನ್ನುವ ಗುಂಪಿನ ಮೇಲೆ. ಯಾವ ಕಾಯಿಲೆಯನ್ನು ಮುಖ್ಯ ಅಂತ ಮೊದಲು ಬರೆಯುತ್ತೀರಿ ಅನ್ನುವುದರ ಮೇಲೆ ಗುಂಪೇ ಬದಲಾಗಬಹುದು, ಸಾವಿರಾರು ಡಾಲರ್ ವ್ಯತ್ಯಾಸ ಬರಬಹುದು. ಆದ್ದರಿಂದಲೇ ಒಳರೋಗಿ ಚಾರ್ಟುಗಳನ್ನು ಹೊಸಬರ ಕೈಗೆ ಕೊಡುವುದು ಕಡಿಮೆ. ಅಲ್ಲಿ ಬೆಲೆ ಇರುವುದು ಸಿಸಿಎಸ್‌ಗೆ. ಅದು ಕಷ್ಟದ ಪರೀಕ್ಷೆ, ಪೂರ್ತಿ ಕೇಸುಗಳನ್ನು ಓದಿ ಕೋಡ್ ಮಾಡಿಸುತ್ತದೆ. ಏನೂ ಅನುಭವ ಇಲ್ಲದೆ ನೇರವಾಗಿ ಸಿಸಿಎಸ್‌ಗೆ ಕೂರುವುದನ್ನು ನಾನು ಬೇಡ ಅನ್ನುತ್ತೇನೆ. ಪಾಸಾದರೂ, ಆ ಮಟ್ಟದ ಕೆಲಸ ಕೊಡುವವರು ಅನುಭವ ಕೇಳುತ್ತಾರೆ.

ಹಾಗಾದರೆ ಸಿಪಿಸಿಯೋ, ಸಿಸಿಎಯೋ? ನೀವು ಅರ್ಜಿ ಹಾಕಲಿರುವ ಇಪ್ಪತ್ತು ಜಾಹೀರಾತು ಓದಿ ನೋಡಿ. ಡಾಕ್ಟರ ಗುಂಪುಗಳು, ಕ್ಲಿನಿಕ್‌ಗಳು, ಅವರಿಗೆ ಬಿಲ್ಲಿಂಗ್ ಮಾಡುವ ಕಂಪನಿಗಳೇ ಜಾಸ್ತಿ ಇದ್ದರೆ ಸಿಪಿಸಿ ಹಿಡಿಯಿರಿ. ಆಸ್ಪತ್ರೆಗಳೇ ಜಾಸ್ತಿ ಇದ್ದು, ಅಹಿಮಾ ಸರ್ಟಿಫಿಕೇಟುಗಳ ಹೆಸರು ಮತ್ತೆ ಮತ್ತೆ ಕಂಡರೆ ಸಿಸಿಎ ಹಿಡಿದು ಸಿಸಿಎಸ್ ಕಡೆ ನಡೆಯಿರಿ. ಎರಡನ್ನೂ ಕೇಳುವ ಜಾಹೀರಾತೇ ಇದ್ದರೆ ಹೊಸಬರಿಗೆ ಸಿಪಿಸಿ ಉತ್ತಮ ಅನ್ನುವುದು ನನ್ನ ಅಭಿಪ್ರಾಯ. ಹೊಸಬರಿಗೆ ಬಾಗಿಲು ತೆರೆಯುವ ಕೆಲಸಗಳು ಡಾಕ್ಟರ ಬಿಲ್ಲಿನ ಕಡೆ ಜಾಸ್ತಿ.

ಸಿಬಿಸಿಎಸ್ ಅಂತ ಇನ್ನೊಂದಿದೆ, ಅದನ್ನು ನಡೆಸುವುದು ಎನ್‌ಎಚ್‌ಎ ಅನ್ನುವ ಸಂಸ್ಥೆ. ಬಿಲ್ಲಿಂಗ್ ಮೇಜಿನ ಕೆಲಸಕ್ಕೆ ಸಾಲುತ್ತದೆ. ಕೋಡರ್ ಆಗುವುದೇ ಗುರಿಯಾದರೆ ಅದೇ ಹಣ, ಅದೇ ಸಮಯವನ್ನು ಸಿಪಿಸಿಗೆ ಹಾಕಿ.

ಆರ್‌ಎಚ್‌ಐಟಿ ಬೇರೆ ದಾರಿ

ಆರ್‌ಎಚ್‌ಐಟಿಯನ್ನು ಈ ಸಾಲಿನಲ್ಲಿ ಇಟ್ಟು ಹೋಲಿಸುವುದೇ ಸ್ವಲ್ಪ ಕಷ್ಟ. ಇದಕ್ಕೆ ಸುಮ್ನೆ ಓದಿ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಸಿಎಎಚ್‌ಐಐಎಂ ಅನ್ನುವ ಸಂಸ್ಥೆಯ ಮಾನ್ಯತೆ ಇರುವ ಕಾಲೇಜಿನಲ್ಲಿ ಆರೋಗ್ಯ ಮಾಹಿತಿಯ ಎರಡು ವರ್ಷದ ಅಸೋಸಿಯೇಟ್ ಪದವಿ ಬೇಕು. ಇದರ ಮೇಲಿನದು ಆರ್‌ಎಚ್‌ಐಎ, ಅದಕ್ಕೆ ಬ್ಯಾಚುಲರ್ ಪದವಿ.

ಈ ಓದಿನಲ್ಲಿ ಕೋಡಿಂಗ್ ಒಂದು ಭಾಗ ಮಾತ್ರ. ದಾಖಲೆ ಯಾರಿಗೆ ಕೊಡಬಹುದು, ಒಬ್ಬನೇ ರೋಗಿಗೆ ಎರಡು ಫೈಲ್ ಹುಟ್ಟಿಕೊಂಡಿದ್ದರೆ ಹೇಗೆ ಸೇರಿಸಬೇಕು, ಮಾಹಿತಿಯ ಗುಣಮಟ್ಟ ಹೇಗೆ ನೋಡಬೇಕು, ಇಂಥವು ಜಾಸ್ತಿ. ಎರಡು ಫೈಲ್ ಸೇರಿಸುವುದು ಸಣ್ಣ ಕೆಲಸ ಅಂತ ಅನಿಸಬಹುದು. ಹುಟ್ಟಿದ ದಿನಾಂಕ ಒಂದೇ, ಹೆಸರು ಒಂದೇ ಅಂತ ಇಬ್ಬರು ಬೇರೆ ರೋಗಿಗಳ ಫೈಲ್ ಸೇರಿಸಿಬಿಟ್ಟರೆ, ಒಬ್ಬರ ಔಷಧ ಅಲರ್ಜಿ ಇನ್ನೊಬ್ಬರ ಫೈಲಿಗೆ ಬರುತ್ತದೆ. ಅದನ್ನು ಬಿಡಿಸುವುದು ಸೇರಿಸಿದ್ದಕ್ಕಿಂತ ಬಹಳ ಕಷ್ಟ.

ಆರ್‌ಎಚ್‌ಐಟಿ ಇದ್ದವರು ಕೋಡಿಂಗಿಗೂ ಹೋಗಬಹುದು. ಮುಂದೆ ದಾಖಲೆ ವಿಭಾಗದ ಮೇಲ್ವಿಚಾರಣೆ ಕಡೆಗೂ ಹೋಗಬಹುದು. ಎರಡು ವರ್ಷ ಓದಲು ಸಮಯ ಇರುವವರಿಗೆ, ದಿನವಿಡೀ ಕೋಡ್ ಮಾತ್ರ ನೋಡಲು ಮನಸ್ಸಿಲ್ಲದವರಿಗೆ ಇದು ಗಟ್ಟಿ ಆಯ್ಕೆ. ಬೇಗ ಸಂಬಳ ಶುರುವಾಗಬೇಕು ಅನ್ನುವವರಿಗೆ ಅಲ್ಲ. ಸೇರುವ ಮುಂಚೆ ಕಾಲೇಜಿನ ಹೆಸರು ಸಿಎಎಚ್‌ಐಐಎಂ ಪಟ್ಟಿಯಲ್ಲಿ ಇದೆಯೇ ಅಂತ ನೀವೇ ನೋಡಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಪದವಿ ಸಿಗುತ್ತದೆ, ಪರೀಕ್ಷೆಗೆ ಕೂರುವ ಅರ್ಹತೆ ಸಿಗುವುದಿಲ್ಲ.

ಮೊದಲ ಕೆಲಸ ನಿಜವಾಗಿ ಏನು ಕೇಳುತ್ತದೆ

ಆರಂಭದ ಹಂತದ ಕೋಡರ್ ಅಂತ ಜಾಹೀರಾತಿನ ತಲೆಬರಹದಲ್ಲಿ ಇರುತ್ತದೆ. ಕೆಳಗೆ ಓದಿದರೆ ಒಂದರಿಂದ ಎರಡು ವರ್ಷ ಅನುಭವ ಅಂತ ಇರುತ್ತದೆ. ಇದು ಹೊಸಬರಿಗೆ ತುಂಬಾ ಬೇಸರ ತರುವ ವಿಷಯ, ಅದು ನ್ಯಾಯವಾದ ಬೇಸರವೇ. ಆದರೆ ಕಾರಣ ತಿಳಿದರೆ ದಾರಿ ಹುಡುಕಲು ಸುಲಭ.

ಮೇಲಿನ ಚಾರ್ಟಿನ ಎಂಟು ಕೋಡ್ ನೆನಪಿದೆಯಲ್ಲ. ಬಹಳಷ್ಟು ಕಡೆ ಬಯಸುವ ನಿಖರತೆ ಶೇಕಡಾ 95. ಅಂದರೆ 20 ಕೋಡಿಗೆ ಒಂದು ತಪ್ಪು. ಇಂಥ ಚಾರ್ಟ್ ಎರಡೂವರೆ ಮಾಡುವಷ್ಟರಲ್ಲಿ ಒಂದೇ ಒಂದು ತಪ್ಪಿಗೆ ಜಾಗ. E11.9 ಮತ್ತು I10 ಹಾಕಿದ ಹೊಸಬರು ಒಂದೇ ಚಾರ್ಟಿನಲ್ಲಿ ಎರಡು ತಪ್ಪು ಮಾಡಿದ್ದಾರೆ, ನಿಖರತೆ ಶೇಕಡಾ 75ಕ್ಕೆ ಇಳಿಯಿತು. ಪರೀಕ್ಷೆಯಲ್ಲಿ 70 ಬಂದರೆ ಪಾಸು. ಕೆಲಸದಲ್ಲಿ 75 ಅಂದರೆ ನಿಮ್ಮ ಪ್ರತಿಯೊಂದು ಚಾರ್ಟನ್ನೂ ಇನ್ನೊಬ್ಬರು ಮತ್ತೆ ನೋಡಬೇಕು. ಹೊಸಬರನ್ನು ತೆಗೆದುಕೊಂಡರೆ 95 ಮುಟ್ಟುವವರೆಗೆ ಒಬ್ಬ ಅನುಭವಿಯ ಸಮಯ ಇದಕ್ಕೇ ಹೋಗುತ್ತದೆ. ಕಂಪನಿಗಳು ಹಿಂಜರಿಯುವುದು ಇದಕ್ಕೆ.

ನಿಖರತೆಯ ಜೊತೆಗೆ ವೇಗವೂ ಬೇಕು. ಗಂಟೆಗೆ ಎಷ್ಟು ಅನ್ನುವುದು ಚಾರ್ಟಿನ ಬಗೆಯ ಮೇಲೆ ನಿಂತಿದೆ. ದೊಡ್ಡ ಒಳರೋಗಿ ಚಾರ್ಟ್ ಗಂಟೆಗೆ ಎರಡು ಮೂರು ಆಗಬಹುದು, ಕ್ಲಿನಿಕ್ ಭೇಟಿಗಳು ಅದಕ್ಕಿಂತ ಎಷ್ಟೋ ಜಾಸ್ತಿ ಆಗಬೇಕು. ಸಂದರ್ಶನಕ್ಕೆ ಮುಂಚೆ ಸಮಯ ಇಟ್ಟು ಕೋಡಿಂಗ್ ಟೆಸ್ಟ್ ಕೊಡುವ ಕಡೆಗಳಿವೆ. ಅಲ್ಲಿ ನಾಲ್ಕು ಉತ್ತರಗಳ ಆಯ್ಕೆ ಇರುವುದಿಲ್ಲ. ಡಾಕ್ಟರ ಬರಹ ಕೊಡುತ್ತಾರೆ, ಖಾಲಿ ಜಾಗ ಕೊಡುತ್ತಾರೆ. ಸಿಪಿಸಿ ಪಾಸಾದವರು ಇಲ್ಲಿ ಎಡವುವುದು ಸಾಮಾನ್ಯ. ನಾಲ್ಕರಲ್ಲಿ ಒಂದು ಆರಿಸುವಾಗ J3301 ಮುಂದೆ ನಾಲ್ಕು ಯೂನಿಟ್ ಅಂತ ಉತ್ತರವೇ ನಿಮಗೆ ನೆನಪಿಸುತ್ತದೆ. ಖಾಲಿ ಜಾಗ ನೆನಪಿಸುವುದಿಲ್ಲ. ಹಾಗಾಗಿ ಪರೀಕ್ಷೆಯ ತಯಾರಿಯಲ್ಲೇ ಕೆಲವು ಪ್ರಶ್ನೆಗಳನ್ನು ಉತ್ತರ ಮುಚ್ಚಿಟ್ಟು, ಬರಿ ಬರಹ ನೋಡಿ ಕೋಡ್ ಮಾಡಿ.

ಮನೆಯಿಂದ ಕೆಲಸ ಅನ್ನುವ ಆಸೆ ಹಿಡಿದು ಬರುವವರು ಬಹಳ. ಕೋಡರುಗಳು ಮನೆಯಿಂದ ಕೆಲಸ ಮಾಡುವುದು ನಿಜ. ಆದರೆ ಅದು ಸಾಮಾನ್ಯವಾಗಿ ನಿಖರತೆ ತೋರಿಸಿದ ಮೇಲೆ ಸಿಗುವ ಸೌಲಭ್ಯ. ಮೊದಲ ದಿನದಿಂದಲೇ ಮನೆಯಿಂದ, ಅನುಭವ ಬೇಡ, ಸಂಬಳ ಜಾಸ್ತಿ ಅಂತ ಮೂರೂ ಒಟ್ಟಿಗೆ ಹೇಳುವ ಜಾಹೀರಾತು ಕಂಡರೆ ಎರಡು ಸಲ ಯೋಚಿಸಿ. ತರಬೇತಿಗೆ ಅಂತ ಮೊದಲೇ ಹಣ ಕೇಳಿದರೆ ಅಲ್ಲೇ ಬಿಟ್ಟುಬಿಡಿ.

ಸಂಬಳದ ಬಗ್ಗೆ ಒಂದು ಮಾತು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಮೆಡಿಕಲ್ ರೆಕಾರ್ಡ್ಸ್ ಕೆಲಸಗಾರರಿಗೆ 2024ರ ಮೇ ತಿಂಗಳ ಲೆಕ್ಕದಲ್ಲಿ ಕೊಟ್ಟ ನಡುಮಟ್ಟದ ವಾರ್ಷಿಕ ಸಂಬಳ 50,250 ಡಾಲರ್. ಶಾಲೆಗಳು ಇಂಥ ಸಂಖ್ಯೆಯನ್ನೇ ಕರಪತ್ರದಲ್ಲಿ ಹಾಕುತ್ತವೆ. ಆದರೆ ಅದರಲ್ಲಿ ಹತ್ತಿಪ್ಪತ್ತು ವರ್ಷ ದುಡಿದವರೂ ಇದ್ದಾರೆ. ಹೊಸಬರು ಶುರುಮಾಡುವುದು ಅದಕ್ಕಿಂತ ಕೆಳಗೆ.

ಪಕ್ಕದ ಬಾಗಿಲುಗಳು

ಕೋಡರ್ ಕೆಲಸ ನೇರವಾಗಿ ಸಿಗದಿದ್ದರೆ ಅದರ ಪಕ್ಕದ ಮೇಜಿನಲ್ಲಿ ಕೂರುವುದು ಒಳ್ಳೆಯದು. ಎಲ್ಲ ಪಕ್ಕದ ಮೇಜೂ ಒಂದೇ ಅಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕಲಿಸುವುದು ಡಿನೈಯಲ್ ಕೆಲಸ, ಅಂದರೆ ವಿಮೆಯವರು ತಿರಸ್ಕರಿಸಿದ ಕ್ಲೇಮುಗಳನ್ನು ಸರಿಮಾಡುವುದು.

ನಮ್ಮ ಚಾರ್ಟನ್ನೇ ತೆಗೆದುಕೊಳ್ಳಿ. ಯಾರೋ ಮಾಡಿಫೈಯರ್ 25 ಮರೆತು 99214 ಕಳಿಸಿದರು ಅಂದುಕೊಳ್ಳೋಣ. ಇಂಜೆಕ್ಷನ್ನಿಗೆ ಹಣ ಬಂತು, ಭೇಟಿಗೆ ಬರಲಿಲ್ಲ. ಪಾವತಿ ವಿವರದಲ್ಲಿ CO-97 ಅಂತ ಕಾಣುತ್ತದೆ, ಅಂದರೆ ಇದರ ಹಣ ಇನ್ನೊಂದು ಸೇವೆಯಲ್ಲಿ ಸೇರಿಹೋಗಿದೆ ಅಂತ. ಡಿನೈಯಲ್ ಮೇಜಿನಲ್ಲಿ ಕೂತವರು ಏನು ಮಾಡಬೇಕು? ಸುಮ್ನೆ 25 ಸೇರಿಸಿ ಮತ್ತೆ ಕಳಿಸುವುದು ತಪ್ಪು. ಮೊದಲು ಚಾರ್ಟ್ ತೆರೆಯಬೇಕು. ಮಂಡಿ ಬಿಟ್ಟು ಬೇರೆ ಏನನ್ನಾದರೂ ಡಾಕ್ಟರು ನಿಜವಾಗಿ ನೋಡಿದ್ದಾರೆಯೇ? ಇಲ್ಲಿ ಮಧುಮೇಹ, ಒತ್ತಡ, ಕಿಡ್ನಿ ನೋಡಿದ್ದಾರೆ, ಹಾಗಾಗಿ 25 ಸರಿ. ತಿದ್ದಿದ ಕ್ಲೇಮ್ ಕಳಿಸಬಹುದು. ರೋಗಿ ಮೊದಲೇ ನಿಗದಿಯಾದ ಇಂಜೆಕ್ಷನ್ನಿಗೆ ಮಾತ್ರ ಬಂದಿದ್ದರೆ 25 ಹಾಕುವಂತಿಲ್ಲ, ಭೇಟಿಯ ಹಣ ಬಿಡಬೇಕು. ಇದರ ಜೊತೆಗೆ ಗಡುವು ಬೇರೆ ಇದೆ. ಅಮೆರಿಕ ಸರ್ಕಾರದ ವಿಮೆಯಾದ ಮೆಡಿಕೇರ್‌ಗಾದರೆ ಸೇವೆ ಕೊಟ್ಟ ದಿನದಿಂದ ಒಂದು ವರ್ಷದೊಳಗೆ ಕ್ಲೇಮ್ ತಲುಪಬೇಕು, ಖಾಸಗಿ ವಿಮೆಯವರ ಗಡುವು ಅದಕ್ಕಿಂತ ಕಡಿಮೆ ಇರುವುದೇ ಹೆಚ್ಚು.

ದಿನಾ ಇಂಥ ಹತ್ತಾರು ಕ್ಲೇಮ್ ಬಿಡಿಸಿದವರಿಗೆ ಯಾವ ಕೋಡ್ ಎಲ್ಲಿ ಮುರಿಯುತ್ತದೆ ಅಂತ ಗೊತ್ತಿರುತ್ತದೆ. ಅದೇ ಕಂಪನಿಯ ಒಳಗೆ ಕೋಡಿಂಗ್ ಜಾಗ ಖಾಲಿಯಾದಾಗ ಇವರ ಅರ್ಜಿಗೆ ತೂಕ ಬರುತ್ತದೆ. ಸೇರುವಾಗಲೇ ಒಂದು ವಿಷಯ ಕೇಳಿಕೊಳ್ಳಿ: ಚಾರ್ಟ್ ನೋಡುವ ಅನುಮತಿ ನನಗೆ ಇರುತ್ತದೆಯೇ? ವಿಮೆ ಕಂಪನಿಗೆ ಫೋನ್ ಮಾಡಿ "ಕ್ಲೇಮ್ ಎಲ್ಲಿದೆ" ಅಂತ ಕೇಳುವುದಷ್ಟೇ ಕೆಲಸವಾದರೆ ಎರಡು ವರ್ಷ ಕಳೆದರೂ ಕೋಡಿಂಗ್ ಕೈಗೆ ಬರುವುದಿಲ್ಲ. ಎ ತೆಗೆಸಲು ಬೇಕಾದ ಪತ್ರವನ್ನೂ ಆ ಕೆಲಸದ ಮೇಲೆ ಪಡೆಯುವುದು ಕಷ್ಟ. ಆ ಪತ್ರ ಕೋಡಿಂಗ್ ಮಾಡಿದ್ದಕ್ಕೆ ಸಾಕ್ಷಿಯಾಗಬೇಕು.

ಆರೋಗ್ಯ ಮಾಹಿತಿಯ ಕಡೆ ಹೋಗುವವರಿಗೆ ಇಂಥದ್ದೇ ಬಾಗಿಲು, ರೋಗಿಯ ದಾಖಲೆಯನ್ನು ಕೇಳಿದವರಿಗೆ ಕೊಡುವ ಕೆಲಸ. ರೋಗಿ ತನ್ನದೇ ದಾಖಲೆ ಕೇಳಿದರೆ, ಆರೋಗ್ಯ ಮಾಹಿತಿಯ ಗೋಪ್ಯತೆ ಕಾಯುವ ಅಮೆರಿಕದ ಹಿಪಾ ಕಾನೂನಿನ ಪ್ರಕಾರ 30 ದಿನದೊಳಗೆ ಕೊಡಬೇಕು. ವಕೀಲರು ಕೇಳಿದರೆ ಸಹಿ ಮಾಡಿದ ಒಪ್ಪಿಗೆ ಪತ್ರದಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಬಗೆಯ ದಾಖಲೆ ಅಂತ ನೋಡಿ ಅಷ್ಟನ್ನೇ ಕಳಿಸಬೇಕು. ಮಾದಕ ವಸ್ತು ಚಟದ ಚಿಕಿತ್ಸೆಯ ದಾಖಲೆಗಳಿಗೆ ಇನ್ನೂ ಬಿಗಿಯಾದ ಪ್ರತ್ಯೇಕ ನಿಯಮ ಇದೆ. ಈ ಕೆಲಸಕ್ಕೆ ಸಿಪಿಸಿ ಬೇಕಿಲ್ಲ, ಸರ್ಟಿಫಿಕೇಟೇ ಇಲ್ಲದವರನ್ನೂ ತೆಗೆದುಕೊಳ್ಳುವ ಜಾಗಗಳಿವೆ. ಆರ್‌ಎಚ್‌ಐಟಿ ಓದುತ್ತಿರುವವರು ಓದಿನ ಜೊತೆಗೇ ಇದನ್ನು ಮಾಡಿದರೆ ಪದವಿ ಮುಗಿಯುವಾಗ ಬಯೋಡೇಟಾ ಖಾಲಿ ಇರುವುದಿಲ್ಲ.

ಹಣ ಕಟ್ಟುವ ಮುಂಚೆ

ತರಬೇತಿ ಶಾಲೆಗೆ ಹಣ ಕಟ್ಟುವ ಮುಂಚೆ ಅವರ ಹತ್ತಿರ ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ಉತ್ತರ ಕೇಳಿ. ಶುಲ್ಕದಲ್ಲಿ ಪರೀಕ್ಷೆ, ಸದಸ್ಯತ್ವ, ಈ ವರ್ಷದ ಕೋಡ್ ಪುಸ್ತಕಗಳು ಸೇರಿವೆಯೇ? ಮೊದಲ ಸಲ ಫೇಲಾದರೆ ಎರಡನೆಯ ಸಲದ ಶುಲ್ಕ ಯಾರದು? ಡಾಕ್ಟರ ಪೂರ್ತಿ ಬರಹ ಇಟ್ಟುಕೊಂಡು ಎಷ್ಟು ಚಾರ್ಟ್ ಕೋಡ್ ಮಾಡಿಸುತ್ತಾರೆ, ಅದನ್ನು ತಿದ್ದುವವರು ಯಾರು, ಅವರಿಗೆ ಯಾವ ಸರ್ಟಿಫಿಕೇಟ್ ಇದೆ?

"ನಮ್ಮವರಿಗೆಲ್ಲ ಕೆಲಸ ಸಿಕ್ಕಿದೆ" ಅಂದರೆ, ಯಾವ ಹುದ್ದೆ ಅಂತ ಕೇಳಿ. ಕೋಡರ್ ಆಗಿ ಸೇರಿದವರೆಷ್ಟು, ವಿಮೆ ಕಂಪನಿಗೆ ಫೋನ್ ಮಾಡುವ ಕೆಲಸಕ್ಕೆ ಸೇರಿದವರೆಷ್ಟು ಅಂತ ಬಿಡಿಸಿ ಹೇಳಲಿ. ಬಿಡಿಸಿ ಹೇಳಲು ಒಪ್ಪದಿದ್ದರೆ ಆ ಹಣವನ್ನು ಪುಸ್ತಕ ಮತ್ತು ಪ್ರ್ಯಾಕ್ಟಿಕೋಡ್‌ಗೆ ಹಾಕಿ.